ಶಾಂಪೂ ಬಿಟ್ಟ ತಿಂಗಳೊಳಗೆ ಹೊಟ್ಟು ಮತ್ತೆ ಬರುವುದೇಕೆ?

ಪ್ರಶ್ನೆ: ಡಾಕ್ಟರೇ, ನನ್ನ ತವರು ಶಿರಸಿ ಹತ್ತಿರ, ಮದುವೆಯಾಗಿ ಕಾರವಾರಕ್ಕೆ ಬಂದು ನಾಲ್ಕು ವರ್ಷ ಆಯ್ತು. ಬಂದಾಗಿನಿಂದ ತಲೆಹೊಟ್ಟು. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಕೀಟೋಕೋನಜೋಲ್ ಶಾಂಪೂ ಹಚ್ಚಿದರೆ ಎರಡೇ ವಾರದಲ್ಲಿ ಹೋಗ್ತದೆ, ಬಿಟ್ಟರೆ ತಿಂಗಳೊಳಗೆ ಮತ್ತೆ ಬರ್ತದೆ. ಈಗೀಗ ಮೊದಲಿನಷ್ಟು ಬೇಗ ಹೋಗ್ತಾನೂ ಇಲ್ಲ. ತಲೆ ಆ ಶಾಂಪೂಗೆ ಒಗ್ಗಿಹೋಯ್ತಾ? ಬದಲಾಯಿಸಿ ಬದಲಾಯಿಸಿ ಹಚ್ಚು ಅಂತ ಗೆಳತಿ ಹೇಳ್ತಾಳೆ. ಅದರಿಂದ ನಿಜವಾಗಿ ಉಪಯೋಗ ಇದೆಯಾ?

ಉತ್ತರ:

ನಿಮ್ಮ ತಲೆ ಶಾಂಪೂಗೆ ಒಗ್ಗಿಹೋಗಿದೆ ಅಂತ ನನಗೆ ಅನಿಸುವುದಿಲ್ಲ. ನೀವು ಶಾಂಪೂ ನಿಲ್ಲಿಸಿದ್ದು ಬೇಗ ಆಯಿತು, ನಿಲ್ಲಿಸಿದ್ದೂ ಪೂರ್ತಿಯಾಗಿ. ಎರಡು ವಾರಕ್ಕೆ ಹೊಟ್ಟು ಕಾಣದೆ ಹೋದದ್ದು ನಿಜ. ಆದರೆ ಕಾಣದೆ ಹೋಗುವುದಕ್ಕೂ ನೆತ್ತಿಯ ಚರ್ಮ ರಿಪೇರಿ ಆಗುವುದಕ್ಕೂ ನಡುವೆ ಕೆಲವು ವಾರಗಳ ಅಂತರವಿದೆ, ನೀವು ಪ್ರತಿ ಸಲ ಆ ಅಂತರದಲ್ಲೇ ಬಾಟಲಿ ಒಳಗಿಟ್ಟಿದ್ದೀರಿ. ಗೆಳತಿ ಹೇಳಿದ್ದರಲ್ಲೂ ತಥ್ಯವಿದೆ. ಏನನ್ನು ಬದಲಾಯಿಸಬೇಕು, ಯಾವಾಗ ಬದಲಾಯಿಸಬೇಕು ಎನ್ನುವುದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು.

ಹೊಟ್ಟಿನ ಮೂಲದಲ್ಲಿರುವುದು ಮಲಸೇಜಿಯಾ ಎಂಬ ಶಿಲೀಂಧ್ರ, ಯೀಸ್ಟ್ ಜಾತಿಯದು. ಲೂಯಿ ಮಲಸೆ ಎಂಬ ಫ್ರೆಂಚ್ ವಿಜ್ಞಾನಿ 1874ರಲ್ಲಿ ಇದನ್ನು ವಿವರಿಸಿದ, ಹೆಸರು ಅವನಿಂದಲೇ ಬಂತು. ಇದು ಹೊರಗಿನಿಂದ ಬಂದ ರೋಗಾಣುವಲ್ಲ. ನಿಮ್ಮ ತಲೆಯಲ್ಲಿದೆ, ನನ್ನ ತಲೆಯಲ್ಲಿದೆ, ಒಂದು ಚೂರೂ ಹೊಟ್ಟಿಲ್ಲದ ನಿಮ್ಮ ಗೆಳತಿಯ ತಲೆಯಲ್ಲೂ ಇದೆ. ಇದರ ಒಂದು ದೌರ್ಬಲ್ಯವೇ ನಮಗೆ ಮುಖ್ಯ: ತನಗೆ ಬೇಕಾದ ಕೊಬ್ಬಿನಾಮ್ಲವನ್ನು ತಾನೇ ತಯಾರಿಸಿಕೊಳ್ಳಲು ಇದಕ್ಕೆ ಬರುವುದಿಲ್ಲ. 2007ರಲ್ಲಿ ಇದರ ಒಂದು ಪ್ರಭೇದದ ವಂಶವಾಹಿಗಳನ್ನೆಲ್ಲ ಓದಿದಾಗ ಆ ಕೆಲಸಕ್ಕೆ ಬೇಕಾದ ವಂಶವಾಹಿಯೇ ಅದರಲ್ಲಿಲ್ಲ ಎಂದು ಗೊತ್ತಾಯಿತು. ಹಾಗಾಗಿ ನೆತ್ತಿಯ ಜಿಡ್ಡೇ ಇದರ ಊಟ.

ಜಿಡ್ಡನ್ನು ಒಡೆದು ತನಗೆ ಬೇಕಾದ ಕೊಬ್ಬಿನಾಮ್ಲಗಳನ್ನು ತಿಂದು, ಬೇಡವಾದ ಕೆಲವನ್ನು ಅಲ್ಲೇ ಬಿಡುತ್ತದೆ. ಬಿಟ್ಟದ್ದರಲ್ಲಿ ಓಲಿಯಿಕ್ ಆಮ್ಲ ಒಂದು. ಈ ಆಮ್ಲ ಚರ್ಮದ ಮೇಲ್ಪದರದೊಳಕ್ಕೆ ಇಳಿದು ಅದರ ಕಟ್ಟನ್ನು ಸಡಿಲಿಸುತ್ತದೆ. ಇದನ್ನು ಪರೀಕ್ಷಿಸಲು ಮಾಡಿದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಮೊದಲು ಔಷಧದಿಂದ ತಲೆಯ ಶಿಲೀಂಧ್ರವನ್ನು ತಗ್ಗಿಸಿ, ಆಮೇಲೆ ಬರೀ ಓಲಿಯಿಕ್ ಆಮ್ಲವನ್ನು ನೆತ್ತಿಗೆ ಹಚ್ಚಿದರು. ಮೊದಲಿನಿಂದ ಹೊಟ್ಟಿನ ಕಾಟವಿದ್ದವರಲ್ಲಿ ಹೊಟ್ಟು ಎದ್ದಿತು, ಇಲ್ಲದವರಲ್ಲಿ ಏಳಲಿಲ್ಲ. ಅಂದರೆ ಶಿಲೀಂಧ್ರ ಎಲ್ಲರಿಗೂ ಒಂದೇ, ಅದು ಬಿಟ್ಟ ಎಂಜಲನ್ನು ತಡೆದುಕೊಳ್ಳುವ ಶಕ್ತಿ ಚರ್ಮದಿಂದ ಚರ್ಮಕ್ಕೆ ಬೇರೆ. ನಿಮಗೂ ನಿಮ್ಮ ಗೆಳತಿಗೂ ಇರುವ ವ್ಯತ್ಯಾಸ ಅಷ್ಟೇ. ಇದು ಕೊಳಕಿನಿಂದ ಬಂದದ್ದಲ್ಲ, ಯಾರದೋ ಬಾಚಣಿಗೆಯಿಂದ ಅಂಟಿದ್ದೂ ಅಲ್ಲ.

ಕೆರಳಿದ ಚರ್ಮ ಗಡಿಬಿಡಿಯಲ್ಲಿ ಹೊಸ ಕೋಶಗಳನ್ನು ಮೇಲಕ್ಕೆ ತಳ್ಳುತ್ತದೆ. ಮಾಮೂಲಿನಂತೆ ಒಂದು ಕೋಶ ಚರ್ಮದ ಅಡಿಯಲ್ಲಿ ಹುಟ್ಟಿ ಮೇಲೆ ಬಂದು ಉದುರಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ, ಒಂದೊಂದಾಗಿ ಉದುರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಹೊಟ್ಟಿನ ತಲೆಯಲ್ಲಿ ಅದು ಬೇಗ ಬೇಗ, ಸರಿಯಾಗಿ ಬಲಿಯದೆ ಮೇಲೆ ಬರುತ್ತದೆ. ಬಲಿಯದ ಕೋಶಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ, ಉದುರುವಾಗ ಗುಂಪಾಗಿ ಉದುರುತ್ತವೆ. ನಿಮ್ಮ ಸೀರೆಯ ಹೆಗಲ ಮೇಲೆ ಕಾಣುವ ಬಿಳಿ ಚೂರು ಅಂದರೆ ಆ ಗುಂಪು.

ಈಗ ಶಾಂಪೂ ಏನು ಮಾಡುತ್ತದೆ ನೋಡಿ. ಕೀಟೋಕೋನಜೋಲ್ ಶಿಲೀಂಧ್ರದ ಕೋಶದ ಹೊರಪೊರೆ ಕಟ್ಟುವ ಕೆಲಸವನ್ನು ತಡೆಯುತ್ತದೆ. ಎಂಟು ಹತ್ತು ದಿನದಲ್ಲಿ ಅದರ ಸಂಖ್ಯೆ ಇಳಿಯುತ್ತದೆ, ಎಂಜಲು ಕಡಿಮೆಯಾಗುತ್ತದೆ, ತುರಿಕೆ ನಿಲ್ಲುತ್ತದೆ, ಎರಡನೇ ವಾರಕ್ಕೆ ಹೆಗಲು ಸ್ವಚ್ಛ. ಚರ್ಮದ ಅಡಿಯಲ್ಲಿ ಮಾತ್ರ ಗಡಿಬಿಡಿ ಇನ್ನೂ ತಣಿದಿರುವುದಿಲ್ಲ. ಬಲಿತ, ಗಟ್ಟಿಯಾದ ಮೇಲ್ಪದರ ಹೊಸದಾಗಿ ಸಿದ್ಧವಾಗಬೇಕಾದರೆ ಕೋಶಗಳು ಅಡಿಯಿಂದ ಮೇಲಿನವರೆಗೆ ಒಂದು ಪೂರ್ತಿ ಸುತ್ತು ಬರಬೇಕು. ಅದಕ್ಕೇ ತಿಂಗಳು ಎನ್ನುವುದು. ನೀವು ಹದಿನೈದನೇ ದಿನಕ್ಕೆ ನಿಲ್ಲಿಸಿದರೆ, ಗದ್ದೆಯ ಕಳೆಯನ್ನು ಮೇಲಿಂದ ಕೊಯ್ದು ಬೇರು ಹಾಗೇ ಬಿಟ್ಟಂತೆ. ಶಿಲೀಂಧ್ರ ಪೂರ್ತಿ ಸತ್ತಿಲ್ಲ, ಕೂದಲ ಬುಡದ ಗುಳಿಗಳಲ್ಲಿ ಉಳಿದೇ ಇರುತ್ತದೆ. ಜಿಡ್ಡು ದಿನಾ ಬರುತ್ತಲೇ ಇರುತ್ತದೆ, ಚರ್ಮವೂ ಇನ್ನೂ ಸಡಿಲವೇ. ಮೂರು ನಾಲ್ಕು ವಾರದಲ್ಲಿ ಸಂಖ್ಯೆ ಮೊದಲಿನ ಮಟ್ಟಕ್ಕೆ ಏರುತ್ತದೆ. ನೀವು ಬರೆದ 'ತಿಂಗಳೊಳಗೆ' ಎನ್ನುವ ಲೆಕ್ಕ ಇದೇ.

ಇಷ್ಟು ಗೊತ್ತಾದ ಮೇಲೆ ಮುಂದಿನ ಮಾತು ನಿಮಗೇ ಹೊಳೆದಿರಬೇಕು. ಈ ಶಾಂಪೂಗಳು ಹೊಟ್ಟನ್ನು ಶಾಶ್ವತವಾಗಿ ಗುಣ ಮಾಡುವುದಿಲ್ಲ, ಹದ್ದುಬಸ್ತಿನಲ್ಲಿ ಇಡುತ್ತವೆ. 1995ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನವನ್ನು ನಾನು ರೋಗಿಗಳಿಗೆ ಆಗಾಗ ಹೇಳುತ್ತೇನೆ. 2% ಕೀಟೋಕೋನಜೋಲ್ ಶಾಂಪೂವನ್ನು ವಾರಕ್ಕೆರಡು ಸಲ ಹಚ್ಚಿ ಚೆನ್ನಾಗಿ ಗುಣ ಕಂಡವರನ್ನು ಮೂರು ಗುಂಪು ಮಾಡಿ ಆರು ತಿಂಗಳು ಗಮನಿಸಿದರು. ಒಂದು ಗುಂಪಿಗೆ ಪ್ರತಿ ವಾರ ಒಮ್ಮೆ ಅದೇ ಮದ್ದಿನ ಶಾಂಪೂ, ಇನ್ನೊಂದಕ್ಕೆ ಒಂದು ವಾರ ಮದ್ದಿನದು ಒಂದು ವಾರ ಮದ್ದಿಲ್ಲದ್ದು, ಮೂರನೆಯದಕ್ಕೆ ಬರೀ ಮದ್ದಿಲ್ಲದ ಶಾಂಪೂ. ಮೂರನೇ ಗುಂಪಿನಲ್ಲಿ 100ಕ್ಕೆ 47 ಜನರಿಗೆ ಹೊಟ್ಟು ಮರಳಿತು. ಎರಡನೆಯದರಲ್ಲಿ 31. ಪ್ರತಿ ವಾರ ಹಚ್ಚಿದವರಲ್ಲಿ 19.

ಆ ನಡುವಿನ ಗುಂಪನ್ನು ಗಮನಿಸಿ. ವಾರ ಬಿಟ್ಟು ವಾರ ಹಚ್ಚಿದರೆ ಮದ್ದೇ ಹಚ್ಚದವರಿಗಿಂತ ಮೇಲು, ಪ್ರತಿ ವಾರ ಹಚ್ಚಿದವರಷ್ಟು ಮೇಲಲ್ಲ. ಅಂದರೆ ಖಾಲಿ ಬಿಟ್ಟ ವಾರಕ್ಕೆ ಒಂದು ಬೆಲೆ ತೆರಬೇಕಾಗುತ್ತದೆ. ಮದ್ದುಗಳನ್ನು ಬದಲಾಯಿಸಿ ಹಚ್ಚಿ ಅಂತ ನಾನು ಹೇಳುವುದು ಈ ಖಾಲಿ ವಾರದ ಸಲುವಾಗಿ. ಒಂದೇ ಮದ್ದನ್ನು ವರ್ಷಗಟ್ಟಲೆ ಪ್ರತಿ ವಾರ ಹಚ್ಚಲು ಹೆಚ್ಚಿನವರಿಂದ ಆಗುವುದಿಲ್ಲ. ಕೂದಲು ಒರಟಾಗುತ್ತದೆ, ನೆತ್ತಿ ಒಣಗುತ್ತದೆ, ಬೇಸರವೂ ಬರುತ್ತದೆ, ಬಿಟ್ಟುಬಿಡುತ್ತಾರೆ. ನಡುವಿನ ವಾರಕ್ಕೆ ಬೇರೆ ಬಗೆಯಲ್ಲಿ ಕೆಲಸ ಮಾಡುವ ಇನ್ನೊಂದು ಮದ್ದು ಇಟ್ಟರೆ ತಲೆ ಕಾವಲಿಲ್ಲದೆ ಉಳಿಯುವುದಿಲ್ಲ, ಒಂದೇ ಮದ್ದಿನ ಕಿರಿಕಿರಿಯೂ ಅರ್ಧಕ್ಕಿಳಿಯುತ್ತದೆ. ವಾರವಾರದ ಕಾವಲಿಗೆ ಆಧಾರ ಆ ಅಧ್ಯಯನ. ನಡುವಿನ ವಾರಕ್ಕೆ ಬೇರೆ ಮದ್ದು ಇಡುವುದು ನನ್ನ ಚಿಕಿತ್ಸಾಲಯದ ಅನುಭವ, ಚರ್ಮವೈದ್ಯರಲ್ಲಿ ಬಹಳ ಮಂದಿ ಹೇಳುವ ಸಲಹೆಯೂ ಹೌದು. ಕೀಟೋಕೋನಜೋಲ್‌ಗೆ ಅಷ್ಟಾಗಿ ಬಗ್ಗದ ಮಲಸೇಜಿಯಾ ಪ್ರಯೋಗಾಲಯಗಳಲ್ಲಿ ಸಿಕ್ಕಿದ್ದುಂಟು. ಆದರೆ 'ಶಾಂಪೂ ಈಗ ಹಿಡಿಯುತ್ತಿಲ್ಲ' ಎಂದು ನನ್ನ ಬಳಿ ಬಂದವರಲ್ಲಿ ಹೆಚ್ಚಿನವರ ತೊಂದರೆ ಅದಾಗಿರಲಿಲ್ಲ.

ಒಬ್ಬರ ವಿಷಯ ಹೇಳುತ್ತೇನೆ, ಮೂವತ್ತನಾಲ್ಕರ ಹರೆಯದವರು. ಅಂಕೋಲಾದಿಂದ ಕಾರವಾರಕ್ಕೆ ದಿನಾ ಬೈಕಿನಲ್ಲಿ ಬಂದು ಆಫೀಸು ಕೆಲಸ ಮಾಡುವವರು. ತಾಸುಗಟ್ಟಲೆ ಹೆಲ್ಮೆಟ್, ಒಳಗೆ ಬೆವರು. 'ಎಲ್ಲಾ ಬದಲಾಯಿಸಿ ನೋಡಿಯಾಯ್ತು ಡಾಕ್ಟ್ರೆ' ಎನ್ನುತ್ತ ಒಂದು ಪ್ಲಾಸ್ಟಿಕ್ ಕೊಟ್ಟೆಯನ್ನು ನನ್ನ ಮೇಜಿನ ಮೇಲೆ ಬರಿದು ಮಾಡಿದರು. ಆರು ಬಾಟಲಿ. ಹಿಂದಿನ ಲೇಬಲ್ಲಿನ ಸಣ್ಣ ಅಕ್ಷರಗಳನ್ನು ಇಬ್ಬರೂ ಕೂತು ಓದಿದೆವು. ನಾಲ್ಕರಲ್ಲಿ ಇದ್ದದ್ದು ಅದೇ 2% ಕೀಟೋಕೋನಜೋಲ್, ಕಂಪನಿ ಬೇರೆ, ಬಣ್ಣ ಬೇರೆ, ವಾಸನೆ ಬೇರೆ. ಒಂದರಲ್ಲಿ 1% ಝಿಂಕ್ ಪೈರಿಥಿಯೋನ್. ಆರನೆಯದರ ಮೇಲೆ ಬೇವಿನ ಎಲೆಯ ಚಿತ್ರ ದೊಡ್ಡದಿತ್ತು, ಶಿಲೀಂಧ್ರಕ್ಕೆ ತಾಗುವ ಮದ್ದು ಒಂದೂ ಇರಲಿಲ್ಲ. ಎರಡು ವರ್ಷದಿಂದ ಅವರು ಬದಲಾಯಿಸಿದ್ದು ಕಂಪನಿಯನ್ನು, ಮದ್ದನ್ನಲ್ಲ.

ಆದ್ದರಿಂದ ಶಾಂಪೂ ಕೊಳ್ಳುವಾಗ ಮುಂದಿನ ಹೆಸರನ್ನು ಬಿಟ್ಟು ಹಿಂದಿನ 'ಕಂಪೋಸಿಷನ್' ಎಂಬ ಸಾಲನ್ನು ಓದಿ. ನಿಮಗೆ ಬೇಕಾದದ್ದು ಮೂರು ಬಗೆಯ ಮದ್ದುಗಳ ಪರಿಚಯ, ಅದಕ್ಕಿಂತ ಹೆಚ್ಚು ತಲೆಗೆ ತುಂಬಿಕೊಳ್ಳುವ ಅಗತ್ಯವಿಲ್ಲ.

ಮೊದಲನೆಯದು ನಿಮಗೆ ಗೊತ್ತಿರುವ ಕೀಟೋಕೋನಜೋಲ್, 2%. ಶಿಲೀಂಧ್ರದ ಮೇಲೆ ಇದರ ಹಿಡಿತ ಗಟ್ಟಿ, ಚರ್ಮದ ಗಡಿಬಿಡಿಯ ಮೇಲೆ ಇದು ನೇರವಾಗಿ ಮಾಡುವುದು ಕಡಿಮೆ. ಎರಡನೆಯದು ಝಿಂಕ್ ಪೈರಿಥಿಯೋನ್, 1%. ಇದು ಶಿಲೀಂಧ್ರವನ್ನು ಬೇರೆ ದಾರಿಯಿಂದ ಹಿಡಿಯುತ್ತದೆ, ಅದರ ಕೋಶದೊಳಗೆ ತಾಮ್ರದ ಅಂಶ ಏರುವಂತೆ ಮಾಡಿ ಒಳಗಿನ ಕೆಲಸ ಕೆಡಿಸುತ್ತದೆ. ಇದರ ಸಣ್ಣ ಕಣಗಳು ತೊಳೆದ ಮೇಲೂ ಸ್ವಲ್ಪ ನೆತ್ತಿಯಲ್ಲಿ ಉಳಿಯುತ್ತವೆ, ಚರ್ಮಕ್ಕೂ ಸೌಮ್ಯ. ಯುರೋಪಿನಲ್ಲಿ 2022ರಿಂದ ಸೌಂದರ್ಯವರ್ಧಕಗಳಲ್ಲಿ ಇದನ್ನು ನಿಷೇಧಿಸಿದ್ದಾರೆ. ಈಗ ಹಲವು ಶಾಂಪೂಗಳಲ್ಲಿ ಇದರ ಬದಲು ಪಿರೋಕ್ಟೋನ್ ಓಲಮೈನ್ ಇರುತ್ತದೆ. ನಡುವಿನ ವಾರದ ಕೆಲಸಕ್ಕೆ ಅದೂ ಆಗುತ್ತದೆ. ಮೂರನೆಯದು ಸೆಲೆನಿಯಂ ಸಲ್ಫೈಡ್, 2.5%. ಇದು ಎರಡೂ ಕೆಲಸ ಮಾಡುತ್ತದೆ, ಶಿಲೀಂಧ್ರವನ್ನೂ ತಗ್ಗಿಸುತ್ತದೆ, ಕೋಶಗಳು ಗಡಿಬಿಡಿಯಲ್ಲಿ ಹುಟ್ಟುವುದನ್ನೂ ನಿಧಾನ ಮಾಡುತ್ತದೆ. ತೊಡಕೂ ಇದರದ್ದೇ ಹೆಚ್ಚು. ಬೆಳ್ಳಿ ಉಂಗುರ, ಬೆಳ್ಳಿ ಸರ ಕಪ್ಪಾಗುತ್ತವೆ, ತೆಗೆದಿಟ್ಟು ಹಚ್ಚಿ. ಬಣ್ಣ ಹಾಕಿದ ಕೂದಲಿಗೆ, ನರೆತ ಕೂದಲಿಗೆ ಬಣ್ಣ ತಿರುಗಬಹುದು. ಸರಿಯಾಗಿ ತೊಳೆಯದಿದ್ದರೆ ತಲೆ ಜಿಡ್ಡುಜಿಡ್ಡಾಗುತ್ತದೆ.

ಇವಲ್ಲದೆ ಸ್ಯಾಲಿಸಿಲಿಕ್ ಆಮ್ಲ, 3% ಆಸುಪಾಸು. ಇದಕ್ಕೆ ಶಿಲೀಂಧ್ರದ ಗೊಡವೆ ಅಷ್ಟಾಗಿ ಇಲ್ಲ, ಅಂಟಿಕೊಂಡ ಪದರವನ್ನು ಸಡಿಲಿಸುವುದೇ ಇದರ ಕೆಲಸ. ನೆತ್ತಿಯಲ್ಲಿ ದಪ್ಪ ಹೆಕ್ಕಳಿಕೆ ಕಟ್ಟಿದ್ದರೆ ಮೇಲಿನ ಮೂರರಲ್ಲಿ ಯಾವುದನ್ನೂ ಹಚ್ಚಿ ಉಪಯೋಗವಿಲ್ಲ, ಮದ್ದು ಹೆಕ್ಕಳಿಕೆಯ ಮೇಲೇ ನಿಂತುಬಿಡುತ್ತದೆ. ಮೊದಲು ಇದರಿಂದ ದಾರಿ ಬಿಡಿಸಿಕೊಳ್ಳಬೇಕು. ಗೀರಿದ, ಹುಣ್ಣಾದ ಜಾಗಕ್ಕೆ ಮಾತ್ರ ಬೇಡ, ಉರಿಯುತ್ತದೆ.

ಆ ಅಂಕೋಲಾದವರಿಗೆ ಮಾಡಿದ್ದು ಇಷ್ಟು. ಜೂನ್ ಮೊದಲ ವಾರ, ಮಳೆ ಹಿಡಿದಿತ್ತು. ಕಿವಿಯ ಹಿಂದೆ, ಹಿಂದಲೆಯಲ್ಲಿ ಹೆಕ್ಕಳಿಕೆ ದಪ್ಪವಿತ್ತು. ಮೊದಲ ವಾರದ ಎರಡೂ ಸ್ನಾನಕ್ಕೆ ಸ್ಯಾಲಿಸಿಲಿಕ್ ಆಮ್ಲದ ಶಾಂಪೂ. ಆಮೇಲೆ ನಾಲ್ಕು ವಾರ, ಬುಧವಾರ ಮತ್ತು ಭಾನುವಾರ, ಬರೀ ಕೀಟೋಕೋನಜೋಲ್. ಮೂರನೇ ವಾರಕ್ಕೆ ಅವರೇ ಫೋನ್ ಮಾಡಿ 'ಪೂರ್ತಿ ಹೋಯ್ತು, ನಿಲ್ಲಿಸ್ಲಾ?' ಎಂದು ಕೇಳಿದರು. ಬೇಡ ಎಂದೆ. ನಾಲ್ಕು ವಾರ ಮುಗಿದ ಮೇಲೆ ಮುಂದಿನ ನಾಲ್ಕು ವಾರ ಭಾನುವಾರ ಕೀಟೋಕೋನಜೋಲ್, ಬುಧವಾರ ಝಿಂಕ್. ಅಲ್ಲಿಂದ ಮುಂದೆ ಮದ್ದು ಭಾನುವಾರಕ್ಕೆ ಮಾತ್ರ, ಒಂದು ಭಾನುವಾರ ಕೀಟೋಕೋನಜೋಲ್, ಮರು ಭಾನುವಾರ ಸೆಲೆನಿಯಂ. ಬುಧವಾರ ಯಾವ ಸಾದಾ ಶಾಂಪೂ ಆದರೂ ಸರಿ.

ಚೌತಿ ಹಬ್ಬಕ್ಕೆ ಊರಿಗೆ ಹೋದವರು ಅಲ್ಲಿ ಎರಡು ವಾರ ಉಳಿದರು. ಬಾಟಲಿ ಒಯ್ಯಲಿಲ್ಲ, ಅಮ್ಮ ದಿನಾ ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ ತಟ್ಟಿದರು. ಮರಳಿ ಬಂದ ಮೂರನೇ ದಿನ ಮಧ್ಯಾಹ್ನ ಕಿವಿಯ ಹಿಂದೆ ತುರಿಕೆ ಶುರುವಾಯಿತು. ಹೊಟ್ಟು ಇನ್ನೂ ಕಂಡಿರಲಿಲ್ಲ. ಮೊದಲೇ ಹೇಳಿಟ್ಟದ್ದರಿಂದ ಅವರು ಅಷ್ಟಕ್ಕೇ ಎಚ್ಚೆತ್ತು, ಎರಡು ವಾರ ಮತ್ತೆ ವಾರಕ್ಕೆರಡು ಸಲ ಕೀಟೋಕೋನಜೋಲ್ ಹಚ್ಚಿದರು, ಅಲ್ಲಿಗೇ ನಿಂತಿತು. ಹೊಟ್ಟು ಹೆಗಲಿಗೆ ಬೀಳುವವರೆಗೆ ಕಾದಿದ್ದರೆ ಪುನಃ ನಾಲ್ಕು ವಾರದ ಸುತ್ತು ಬೇಕಾಗುತ್ತಿತ್ತು. ಮರುಕಳಿಸುವಾಗ ಮೊದಲು ಬರುವುದು ತುರಿಕೆ, ಅದೂ ಕಿವಿಯ ಹಿಂದೆ, ಹಣೆಯ ಕೂದಲಂಚಿನಲ್ಲಿ, ಬೆವರು ಹೆಚ್ಚಾದ ಹೊತ್ತಿನಲ್ಲಿ. ಅದನ್ನು ಗುರುತಿಸುವುದು ಕಲಿತರೆ ಅರ್ಧ ಕೆಲಸ ಮುಗಿಯಿತು.

ಇನ್ನೂ ಒಂದು ಉಪಾಯ. ವಾರಕ್ಕೊಮ್ಮೆ, ತಲೆ ತೊಳೆಯುವ ಮುಂಚೆ, ಕಪ್ಪು ಬಟ್ಟೆಯೊಂದನ್ನು ಹಾಸಿ ಅದರ ಮೇಲೆ ತಲೆ ಬಗ್ಗಿಸಿ, ಒತ್ತು ಹಲ್ಲಿನ ಬಾಚಣಿಗೆಯಿಂದ ಹಿಂದಿನಿಂದ ಮುಂದಕ್ಕೆ ಹತ್ತು ಸಲ ಬಾಚಿ. ಬಿದ್ದದ್ದನ್ನು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ನಾಲ್ಕು ವಾರದ ಫೋಟೋಗಳನ್ನು ಅಕ್ಕಪಕ್ಕ ಇಟ್ಟರೆ ಏರಿದೆಯೋ ಇಳಿದಿದೆಯೋ ಅನುಮಾನ ಉಳಿಯುವುದಿಲ್ಲ. ಕನ್ನಡಿಯಲ್ಲಿ ನೋಡಿ ಅಂದಾಜು ಮಾಡುವುದು ಬಹಳ ಮೋಸ.

ಇನ್ನು 'ಮೊದಲಿನಷ್ಟು ಬೇಗ ಹೋಗ್ತಾನೂ ಇಲ್ಲ' ಎಂದಿರಿ. ಇದಕ್ಕೆ ನನಗೆ ಮೊದಲು ಸಂಶಯ ಬರುವುದು ಹಚ್ಚುವ ರೀತಿಯ ಮೇಲೆ. ಈ ಶಾಂಪೂಗಳು ಕೂದಲಿಗೆ ಅಲ್ಲ, ನೆತ್ತಿಗೆ. ಉದ್ದ ಕೂದಲಿನವರು ಅಂಗೈಯಲ್ಲಿ ಸುರಿದುಕೊಂಡು ನೆತ್ತಿಯ ಮೇಲೆ ತಟ್ಟಿ ನೊರೆ ಮಾಡಿದರೆ, ನೊರೆ ಕೂದಲಲ್ಲೇ ನಿಲ್ಲುತ್ತದೆ. ಹೀಗೆ ಮಾಡಿ. ತಲೆ ಪೂರ್ತಿ ಒದ್ದೆ ಮಾಡಿಕೊಳ್ಳಿ. ಬಾಚಣಿಗೆಯ ಬಾಲದಿಂದ ಬೈತಲೆ ತೆಗೆದಂತೆ ನಾಲ್ಕಾರು ಕಡೆ ಗೆರೆ ಬಿಡಿಸಿ, ಪ್ರತಿ ಗೆರೆಯ ಚರ್ಮಕ್ಕೆ ಬೆರಳ ತುದಿಯಿಂದ ಸ್ವಲ್ಪ ಸ್ವಲ್ಪ ಶಾಂಪೂ ಮುಟ್ಟಿಸಿ. ಒಟ್ಟು ಎರಡು ಚಮಚೆ ಸಾಕು. ಉಗುರು ತಾಗಿಸದೆ ಬೆರಳ ತುದಿಯಿಂದ ತಿಕ್ಕಿ. ಕಿವಿಯ ಹಿಂದೆ, ಕತ್ತಿನ ಮೇಲಂಚು ಮರೆಯಬೇಡಿ. ಆಮೇಲೆ ಐದು ನಿಮಿಷ ಹಾಗೇ ಬಿಡಿ, ಮೊಬೈಲಿನಲ್ಲಿ ಟೈಮರ್ ಇಟ್ಟುಕೊಂಡೇ. 'ಐದು ನಿಮಿಷ ಬಿಟ್ಟೆ' ಎಂದವರನ್ನು ಕೇಳಿ ನೋಡಿದರೆ ಹೆಚ್ಚಿನವರದ್ದು ಒಂದು ನಿಮಿಷವೂ ದಾಟಿರುವುದಿಲ್ಲ, ಹಂಡೆಯ ಬಿಸಿನೀರು ತಣಿಯುತ್ತದೆ ಎಂಬ ಅವಸರ. ಆ ಅವಸರದಲ್ಲಿ ಮದ್ದು ಚರಂಡಿಗೆ ಹೋಗುತ್ತದೆ, ನೆತ್ತಿಗೆ ಹೋಗುವುದಿಲ್ಲ. ನೀರು ಉಗುರು ಬೆಚ್ಚಗಿದ್ದರೆ ಸಾಕು. ತುದಿ ಕೂದಲು ಒರಟಾದರೆ ಕಂಡೀಷನರ್ ಹಚ್ಚಬಹುದು, ಕುತ್ತಿಗೆಯಿಂದ ಕೆಳಗಿನ ಕೂದಲಿಗೆ ಮಾತ್ರ.

ಎಣ್ಣೆಯ ವಿಷಯ ನೀವು ಬರೆದಿಲ್ಲ. ಆದರೆ ಶಿರಸಿಯಲ್ಲಿ ಬೆಳೆದವರು ತಲೆಗೆ ಎಣ್ಣೆ ಹಚ್ಚದೆ ಇರುವುದು ನಾನು ಕಂಡದ್ದು ಕಡಿಮೆ, ಅದಕ್ಕೇ ಕೇಳದಿದ್ದರೂ ಹೇಳುತ್ತೇನೆ. ಕೊಬ್ಬರಿ ಎಣ್ಣೆಯ ಅರ್ಧದಷ್ಟು ಲಾರಿಕ್ ಆಮ್ಲ ಎಂಬ ಕೊಬ್ಬಿನಾಮ್ಲ. ಮಲಸೇಜಿಯಾ ಬಳಸಿಕೊಳ್ಳಬಲ್ಲ ಗಾತ್ರದ ಕೊಬ್ಬಿನಾಮ್ಲಗಳಲ್ಲಿ ಅದೂ ಸೇರುತ್ತದೆ. ಎಳ್ಳೆಣ್ಣೆ, ಸಾಸಿವೆ ಎಣ್ಣೆಯಲ್ಲಿ ಓಲಿಯಿಕ್ ಆಮ್ಲವೂ ಇರುತ್ತದೆ, ಅಂದರೆ ಚರ್ಮವನ್ನು ಕೆರಳಿಸುವ ಅದೇ ಪದಾರ್ಥವನ್ನು ನಾವೇ ಮೇಲಿಂದ ಸುರಿದಂತೆ. ಎಣ್ಣೆ ಹಚ್ಚಿದ ಹೊತ್ತಿನಲ್ಲಿ ಹೊಟ್ಟು ಅಂಟಿಕೊಂಡು ಕಾಣದಂತಾಗುತ್ತದೆ, ತಲೆ ತಂಪೆನಿಸುತ್ತದೆ, ಕಡಿಮೆಯಾಯಿತು ಎಂಬ ಭ್ರಮೆ ಬರುತ್ತದೆ. ಎರಡು ದಿನ ಬಿಟ್ಟು ನೋಡಿದರೆ ಮೊದಲಿಗಿಂತ ಹೆಚ್ಚು.

ಎಣ್ಣೆಯನ್ನೇ ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ಯಾರೂ ಬಿಡುವುದಿಲ್ಲ. ಮೊದಲ ಎಂಟು ವಾರ ನೆತ್ತಿಗೆ ಬೇಡ, ಕೂದಲಿನ ಉದ್ದಕ್ಕೆ ಹಚ್ಚಿಕೊಳ್ಳಿ. ಆಮೇಲೂ ಹಚ್ಚುವುದಿದ್ದರೆ ತಲೆ ತೊಳೆಯುವ ಒಂದು ತಾಸು ಮುಂಚೆ ಹಚ್ಚಿ, ಅಂದೇ ತೊಳೆದುಬಿಡಿ. ತಲೆ ತೊಳೆದ ಮೇಲೆ ಎಣ್ಣೆ ಹಚ್ಚಿ ಮೂರು ದಿನ ಬಿಡುವ ಅಭ್ಯಾಸ ಮಾತ್ರ ಖಂಡಿತ ನಿಲ್ಲಲಿ. ದೀಪಾವಳಿಯ ಎಣ್ಣೆ ಸ್ನಾನಕ್ಕೆ ಅಡ್ಡಿಯಿಲ್ಲ, ಅಂದು ಬೆಳಿಗ್ಗೆ ಹಚ್ಚಿ ಅಂದೇ ತೊಳೆಯುತ್ತೀರಲ್ಲ. ದಾಸವಾಳದ ಗಂಪು, ಸೀಗೆಪುಡಿ ಬುಧವಾರದ ಸಾದಾ ಸ್ನಾನಕ್ಕೆ ಆದೀತು. ಗಂಪು ಕೂದಲನ್ನು ನಯ ಮಾಡುತ್ತದೆ, ಅದರಿಂದ ಶಿಲೀಂಧ್ರ ತಗ್ಗೀತು ಎಂದು ಮಾತ್ರ ನಂಬಿ ಕೂರಬೇಡಿ.

ಘಟ್ಟದ ಮೇಲಿನಿಂದ ಕರಾವಳಿಗೆ ಇಳಿದ ಮೇಲೆ ಶುರುವಾಯಿತು ಎಂದಿರಲ್ಲ, ಅದು ಕಾಕತಾಳೀಯ ಇರಲಿಕ್ಕಿಲ್ಲ. ಇಲ್ಲಿ ಬೆವರು ಆರುವುದಿಲ್ಲ. ಮಳೆಗಾಲದಲ್ಲಿ ಉದ್ದ ಕೂದಲು ಒಣಗಲು ಅರ್ಧ ದಿನ ಬೇಕು, ಒದ್ದೆ ಕೂದಲನ್ನೇ ಗಂಟು ಹಾಕಿ ಕೆಲಸಕ್ಕೆ ಹೊರಡುತ್ತೀರಿ. ಬೆಚ್ಚಗೆ, ತೇವ, ಜಿಡ್ಡು, ಶಿಲೀಂಧ್ರಕ್ಕೆ ಇನ್ನೇನು ಬೇಕು? ತಲೆ ತೊಳೆಯುವುದನ್ನು ರಾತ್ರಿಗೋ ರಜೆಯ ದಿನಕ್ಕೋ ಇಟ್ಟುಕೊಂಡು, ಬುಡ ಪೂರ್ತಿ ಒಣಗಿದ ಮೇಲೆ ಕಟ್ಟಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಹಾಗೇ ಏಪ್ರಿಲ್ ಮೇ ಸೆಕೆಯಲ್ಲಿ, ಬುಧವಾರದ ಸಾದಾ ಶಾಂಪೂ ಜಾಗಕ್ಕೂ ಝಿಂಕ್ ಅಥವಾ ಪಿರೋಕ್ಟೋನ್ ತನ್ನಿ.

ನಿಮ್ಮ ಕ್ರಮವೂ ಹೆಚ್ಚು ಕಡಿಮೆ ಆ ಅಂಕೋಲಾದವರದ್ದೇ. ಹೆಕ್ಕಳಿಕೆ ಇಲ್ಲದಿದ್ದರೆ ಸ್ಯಾಲಿಸಿಲಿಕ್ ಆಮ್ಲದ ವಾರ ಬೇಡ. ನೇರ ನಾಲ್ಕು ವಾರ ಕೀಟೋಕೋನಜೋಲ್, ವಾರಕ್ಕೆರಡು ಸಲ, ಹೊಟ್ಟು ಎರಡೇ ವಾರಕ್ಕೆ ಹೋದರೂ ಪೂರ್ತಿ ನಾಲ್ಕು. ಮುಂದಿನ ನಾಲ್ಕು ವಾರ ಎರಡು ಮದ್ದು ಹಂಚಿಕೊಂಡು. ಆಮೇಲೆ ವಾರಕ್ಕೊಂದು ಮದ್ದಿನ ಸ್ನಾನ, ವಾರ ಬಿಟ್ಟು ವಾರ ಮದ್ದು ಬದಲು. ಕೂದಲಿಗೆ ಬಣ್ಣ ಹಾಕುವವರಾದರೆ ಸೆಲೆನಿಯಂ ಬಿಟ್ಟು ಝಿಂಕನ್ನೇ ಜೋಡಿ ಮಾಡಿಕೊಳ್ಳಿ. ಒಂದೇ ಸ್ನಾನಕ್ಕೆ ಎರಡು ಮದ್ದು ಬೇಡ, ನೆತ್ತಿ ಉರಿಯತೊಡಗಿದರೆ ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಮೊದಲ ನಾಲ್ಕು ವಾರದ ನಡುವೆ ಮದ್ದು ಬದಲಾಯಿಸುವುದೂ ಬೇಡ. ವಾರಕ್ಕೊಂದು ಹೊಸದು ಹಿಡಿದರೆ ಯಾವುದಕ್ಕೂ ತನ್ನ ಕೆಲಸ ತೋರಿಸಲು ಸಮಯ ಸಿಗುವುದಿಲ್ಲ. ಬಸುರಿಯಾಗಿದ್ದರೆ, ಆಗುವ ಯೋಚನೆ ಇದ್ದರೆ ಶುರು ಮಾಡುವ ಮುಂಚೆ ನಿಮ್ಮ ಡಾಕ್ಟರಲ್ಲಿ ಒಂದು ಮಾತು ಕೇಳಿ.

ಒಂದು ವಿಷಯದಲ್ಲಿ ಗಟ್ಟಿಯಾಗಿ ಎಚ್ಚರಿಸಬೇಕು. ತುರಿಕೆ ಜೋರಿದ್ದಾಗ ಅಂಗಡಿಯಲ್ಲಿ ಕೇಳಿದರೆ ಕ್ಲೊಬೆಟಾಸೋಲ್‌ನಂಥ ಸ್ಟೀರಾಯ್ಡ್ ಲೋಷನ್ ಕೊಡುವುದುಂಟು. ಎರಡೇ ದಿನದಲ್ಲಿ ತುರಿಕೆ ಮಾಯ, ಜನರಿಗೆ ಅದು ಅಮೃತದಂತೆ ಕಾಣುತ್ತದೆ. ಅದು ಕೆರಳಿಕೆಯನ್ನು ಮುಚ್ಚುತ್ತದೆ, ಶಿಲೀಂಧ್ರವನ್ನು ಮುಟ್ಟುವುದಿಲ್ಲ. ಬಿಟ್ಟ ಕೂಡಲೇ ದುಪ್ಪಟ್ಟಾಗಿ ಬರಬಹುದು, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಡಾಕ್ಟರು ನೋಡಿ, ಇಷ್ಟೇ ದಿನ ಎಂದು ಬರೆದುಕೊಟ್ಟರೆ ಮಾತ್ರ. ಶಿಲೀಂಧ್ರದ ಮಾತ್ರೆಗಳನ್ನೂ ಹಾಗೆಯೇ ಸ್ವಂತವಾಗಿ ನುಂಗಬೇಡಿ.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ಎಂಟು ವಾರಕ್ಕೆ ಕಪ್ಪು ಬಟ್ಟೆಯ ಫೋಟೋ ಬದಲಾಗದಿದ್ದರೆ ಅದು ಹೊಟ್ಟೇ ಅಲ್ಲದಿರಬಹುದು. ಸೋರಿಯಾಸಿಸ್ ಆದರೆ ಪದರ ದಪ್ಪ, ಬೆಳ್ಳಿಯ ಹೊಳಪು, ಅಡಿಯಲ್ಲಿ ಕೆಂಪು, ಕೂದಲಂಚು ದಾಟಿ ಹಣೆಗೆ ಇಳಿದಿರುತ್ತದೆ. ಮೊಣಕೈ, ಮೊಣಕಾಲು, ಉಗುರನ್ನೂ ನೋಡಿಕೊಳ್ಳಿ. ಮನೆಯಲ್ಲಿ ಶಾಲೆಗೆ ಹೋಗುವ ಮಗುವಿನ ತಲೆಯಲ್ಲಿ ಹೊಟ್ಟಿನ ಜೊತೆ ಒಂದು ಕಡೆ ಕೂದಲು ಮುರಿದು ಬೋಳಾಗಿದ್ದರೆ ಅದು ತಲೆಯ ಹುಳುಕಡ್ಡಿ. ಶಾಂಪೂ ಒಂದರಿಂದಲೇ ವಾಸಿಯಾಗುವುದಿಲ್ಲ, ಹೊಟ್ಟೆಗೆ ಮಾತ್ರೆ ಬೇಕು, ಕಾಯಬೇಡಿ. ರಸ ಸೋರುವುದು, ಕೀವು, ಕುತ್ತಿಗೆಯಲ್ಲಿ ಗಂಟು ಇದ್ದರೂ ಅಷ್ಟೇ.

ನನ್ನ ಬಳಿಯಾಗಲಿ ಬೇರೆ ಯಾವ ಚರ್ಮವೈದ್ಯರ ಬಳಿಯಾಗಲಿ ಹೋಗುವುದಿದ್ದರೆ ಹೋಗುವ ಮುಂಚಿನ ಎರಡು ದಿನ ತಲೆ ತೊಳೆಯಬೇಡಿ, ಎಣ್ಣೆಯನ್ನೂ ಹಚ್ಚಬೇಡಿ. ಡಾಕ್ಟರ ಹತ್ತಿರ ಹೋಗುವುದೆಂದು ತಲೆ ತೊಳೆದು ಚೆಂದ ಮಾಡಿಕೊಂಡು ಬರುತ್ತಾರೆ, ಆಗ ನಮಗೆ ನೋಡಲು ಏನೂ ಉಳಿದಿರುವುದಿಲ್ಲ. ಮತ್ತೆ ಮನೆಯಲ್ಲಿರುವ ಬಾಟಲಿಗಳನ್ನೆಲ್ಲ, ಖಾಲಿಯಾದದ್ದನ್ನೂ ಸೇರಿಸಿ, ಒಂದು ಕೊಟ್ಟೆಯಲ್ಲಿ ತನ್ನಿ.